ಮೂಡಲಗಿಯಲ್ಲಿ ನಡೆಯದ ನನ್ನ ಅಡ್ಡಹೆಸರುಗಳು

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಎರಡೇ ಸಲ. ಮದುವೆಯಲ್ಲಿ ಒಮ್ಮೆ, ಬಸುರಿಯಾಗಿದ್ದಾಗ ಕುಬಸದಲ್ಲಿ ಇನ್ನೊಮ್ಮೆ. ಎರಡು ಸಲವೂ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಅಡಗಿಸಿ, ಕೇಳಿದವರು ನಗುವುದರೊಳಗೆ ತಲೆ ತಗ್ಗಿಸಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಎದುರಿನವರ ಮುಖ ನೋಡಿ, ಅವರ ಹೆಸರು ಹಿಡಿದು, ಸ್ಪಷ್ಟವಾಗಿ ಮಾತಾಡಬೇಕೆಂದು ಹನ್ನೆರಡು ವರ್ಷ ಕಲಿಸಿದ್ದರು. ಗೋಕಾಕದ ಅತ್ತೆ ಅದನ್ನೆಲ್ಲ ಒಂದು ವಾರದಲ್ಲಿ ಮರೆಸಿದರು. ಬೈದು ಅಲ್ಲ. ನಾನು ಹೆಸರು ಹೇಳುವ ಮೊದಲೇ "ಅಂವಾ ಬಂದಾನೇನು?" ಎಂದು ತಾವೇ ಕೇಳಿಬಿಡುತ್ತಿದ್ದರು. ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಕಂಪ್ಯೂಟರಿನ ಮುಂದೆ ಮಾತ್ರ ಆ ಪ್ರಸಂಗ ಪ್ರತಿದಿನ ಬರತೊಡಗಿತು.

ನಮ್ಮವರು ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಸಂಜೆ ಬಸ್ಸಿಳಿದು ಬಂದು ಗೋಕಾಕ ಪೇಟೆಯ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದರು. ಅಂಗಡಿಯೂ ಕ್ಲಾಸೂ ಒಬ್ಬ ಜೈನ ಸಾಹುಕಾರರದು. ಅವರ ಕನ್ನಡದಲ್ಲಿ ಅರ್ಧ ಮರಾಠಿ, ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ, ಅವರು ನನಗೆ ಅಣ್ಣಾರು. ಆಗಿನ್ನೂ ಎರಡು ಸಾವಿರನೆಯ ಇಸವಿ ದಾಟಿ ಬಹಳ ದಿನವಾಗಿರಲಿಲ್ಲ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ ನಮ್ಮವರು ಎಲ್ಲ ಯಂತ್ರಗಳಿಗೂ ಲಿನಕ್ಸ್ ಹಾಕಿದ್ದರು. ಮಧ್ಯಾಹ್ನದ ಹೊತ್ತು ಖಾಲಿ ಇರುವ ಕೋಣೆಯಲ್ಲಿ ಹೆಂಗಸರ ಬ್ಯಾಚು ನಡೆಸಬಹುದೆಂದು ಸಾಹುಕಾರರಿಗೆ ಹೊಳೆಯಿತು. ಕಲಿಸುವವಳು ಹೆಂಗಸಾದರೆ ಮಾತ್ರ ಮನೆಗಳಿಂದ ಕಳಿಸುತ್ತಾರೆ. ಇಂಗ್ಲಿಷು ಓದಿಕೊಂಡವಳು, ಕೂಸು ಸಾಲಿಗೆ ಹೋಗುತ್ತದೆ, ಮನೆಯೂ ಹತ್ತಿರ. ಬೇಕಾದಷ್ಟನ್ನು ನಮ್ಮವರು ಕಲಿಸಿಕೊಟ್ಟರು. ಹೀಗೆ ನಾನು ಟೀಚರಾದೆ.

ಲಿನಕ್ಸಿನಲ್ಲಿ ಆಗ ಎಲ್ಲವನ್ನೂ ಕಪ್ಪು ಪರದೆಯ ಮೇಲೆ ಅಕ್ಷರ ಹೊಡೆದೇ ಹೇಳಬೇಕಿತ್ತು. ಆ ಮಾತನ್ನು ಕೇಳಿಸಿಕೊಂಡು ಕೆಲಸ ಮಾಡಿಸುವ ಪ್ರೋಗ್ರಾಮಿನ ಹೆಸರು ಬ್ಯಾಶ್. ಪಾಠದ ಕಡತಗಳೆಲ್ಲ ನಮ್ಮವರ ಹೆಸರಿನ ಕೋಶದಲ್ಲಿ, ಅಂದರೆ ಫೋಲ್ಡರಿನಲ್ಲಿ, ಇದ್ದವು. ಎಲ್ಲಿಗೆ ಹೋಗಬೇಕಾದರೂ ಅವರ ಹೆಸರನ್ನು ಹೊಡೆದು, ಓರೆಗೆರೆ ಹಾಕಿ, ಮುಂದಿನ ಕೋಶದ ಹೆಸರು ಹೊಡೆಯಬೇಕು. ಮೊದಲ ದಿನ ಹೊಡೆದಾಗ ಪರದೆಯ ಮೇಲೆ ಅದು ಬೆಳ್ಳಗೆ ಮೂಡಿ ನಿಂತಿತು. ಹಿಂದೆ ಎಂಟು ಜನ ಹೆಂಗಸರು. ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡಳು. ನನ್ನ ಕಿವಿ ಬಿಸಿಯಾದವು.

ಆವತ್ತು ಸಂಜೆ ನಮ್ಮವರನ್ನು ಕೇಳಿದೆ. "ಸಣ್ಣ ಹೆಸರ ಇಡಾಕ ಬರತೈತೇನ್ರಿ ಇದಕ್ಕ?" ಅವರು ನಕ್ಕು .bashrc ಎಂಬ ಕಡತ ತೋರಿಸಿದರು. ಚುಕ್ಕಿಯಿಂದ ಶುರುವಾಗುವುದರಿಂದ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ನಾವು ಪರದೆಯ ಮುಂದೆ ಕೂತು ಮಾತಿಗೆ ಶುರು ಮಾಡಿದಾಗ ಬ್ಯಾಶ್ ಮೊದಲು ಅದನ್ನು ಓದಿಕೊಳ್ಳುತ್ತದೆ. ಅದರಲ್ಲಿ ಅಲಿಯಾಸ್ ಬರೆದಿಟ್ಟರೆ ಅದೇ ಅಡ್ಡಹೆಸರು. 'ಮನಿಗೆ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಬ್ಯಾಶ್ ಅದರ ಬದಲು ಉದ್ದದ ಸಾಲನ್ನಿಟ್ಟು, ನಮ್ಮವರ ಕೋಶದೊಳಗಿನ ಅಭ್ಯಾಸದ ಜಾಗಕ್ಕೆ ನನ್ನನ್ನು ಒಯ್ದು ಬಿಡುತ್ತಿತ್ತು. ಅಡ್ಡಹೆಸರಿಗಿಂತ ದೊಡ್ಡ ಕೆಲಸಕ್ಕೆ ಫಂಕ್ಷನ್. ಅದು ಅಡಿಗೆಯ ಕ್ರಮವಿದ್ದ ಹಾಗೆ: ಒಂದಾದ ಮೇಲೊಂದು ಮಾಡಬೇಕಾದ್ದನ್ನು ಬರೆದಿಡುವುದು, ಕರೆಯುವಾಗ ಯಾವ ಕಾಳು ಹಾಕಬೇಕೆಂಬುದನ್ನು ಮಾತ್ರ ಹೇಳುವುದು. ನನ್ನ ಫಂಕ್ಷನ್ನಿನ ಹೆಸರು 'ಹೊಸದು'. 'ಹೊಸದು 3' ಎಂದರೆ ನಾನು ನಿಂತ ಜಾಗದಲ್ಲಿದ್ದ ಹಳೆಯ ಕಡತಗಳನ್ನು ಅಳಿಸಿ, ಮೂರನೆಯ ಪಾಠದ ಕಡತಗಳನ್ನು ತಂದು ಹಾಕುವುದು.

ಅಳಿಸುವಾಗ ಅದು ಪ್ರತಿ ಕಡತಕ್ಕೂ "ತೆಗೆಯಲೇ?" ಎಂದು ಕೇಳುತ್ತಿತ್ತು. ಯಾರದಾದರೂ ಅರ್ಧ ಬರೆದದ್ದು ಇದ್ದರೆ ನಾನು n ಒತ್ತಿ ಉಳಿಸುತ್ತಿದ್ದೆ. ಅಳಿಸುವ ಕಮಾಂಡು rm ಹುಟ್ಟಿನಿಂದಲೇ ಹೀಗೆ ವಿನಯವಂತ ಎಂದು ನಾನು ತಿಳಿದಿದ್ದೆ.

ಮರುವರ್ಷ ಸಾಹುಕಾರರು ಮೂಡಲಗಿಯಲ್ಲಿ ಇನ್ನೊಂದು ಕ್ಲಾಸು ತೆರೆದರು. ಅಲ್ಲಿಯ ಯಂತ್ರಗಳನ್ನೂ ನಮ್ಮವರೇ ಸಜ್ಜುಮಾಡಿ, ಪಾಠಗಳನ್ನು ಗೋಕಾಕದ ಹಾಗೆಯೇ ತಮ್ಮ ಹೆಸರಿನ ಕೋಶದಲ್ಲಿ ಇಟ್ಟು ಬಂದಿದ್ದರು. ಅಲ್ಲಿ ಹೆಂಗಸರ ಬ್ಯಾಚಿಗೆ ಯಾರು? ದಿನಾ ನನಗೆ ಆಗದು. ನನ್ನ ಮೊದಲ ಬ್ಯಾಚಿನಲ್ಲಿ ಕುಲಗೋಡದಿಂದ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಬಿ.ಎ. ಮುಗಿಸಿದ್ದಳು, ಮನೆಯಲ್ಲಿ ಎಮ್ಮೆ ಕರೆದು, ರೊಟ್ಟಿ ಬಡಿದು, ಬಸ್ಸು ಹಿಡಿದು ಬರುತ್ತಿದ್ದಳು. ಕೀಬೋರ್ಡು ಮುಟ್ಟುವ ಮೊದಲು ಕರವಸ್ತ್ರದಿಂದ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು. ಆಕೆಗೇ ಕೊಡಿ ಎಂದು ನಾನು ಹಟ ಹಿಡಿದೆ.

ಸಾಹುಕಾರರು ತಲೆ ಕೆರೆದುಕೊಂಡರು. "ವೈನಿ, ಹುಡುಗಿ ಛಲೋ ಅದಾಳ, ಖರೆ. ಆದ್ರ ಮಶೀನ್ ಕೆಟ್ಟು ಕುಂತ್ರ ಯಾರನ್ನ ಕೇಳಬೇಕಾಕಿ? ಒಂದ ಕೆಲಸ ಮಾಡೂಣು. ಒಂದ ಕಮಾಂಡ್ ಹೊಡದ್ರ ಕ್ಲಾಸ್ ತಯಾರ ಆಗೂವಂಗ ಮಾಡ್ರಿ. ಶುಕ್ರವಾರ ನಾ ಬಾಜೂಕ ನಿಂತ ನೋಡತೇನಿ. ಆತು ಅಂದ್ರ ಸೋಮವಾರದಿಂದ ಬ್ಯಾಚ್ ಆಕಿದು. ಆಗಲಿಲ್ಲಂದ್ರ ಗಂಡಹುಡುಗರ ಬ್ಯಾಚ್ ಹಾಕತೇನಿ, ಸಿಟ್ಟಾಗಬ್ಯಾಡ್ರಿ ಮತ್ತ."

ಒಂದೇ ಕಮಾಂಡು ಎಂದರೆ ಸ್ಕ್ರಿಪ್ಟ್. ಬ್ಯಾಶಿಗೆ ಹೇಳುವ ಸಾಲುಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಆ ಕಡತವನ್ನು ಓಡಿಸುವುದು. ನನಗೆ ಸುಲಭವಾಗಿ ಕಂಡಿತು. 'ಶುರು' ಎಂದು ಹೆಸರಿಟ್ಟೆ. ಮೊದಲ ಸಾಲು 'ಮನಿಗೆ', ಎರಡನೆಯದು 'ಹೊಸದು 1'. ಅಷ್ಟೇ. ಗೋಕಾಕದಲ್ಲಿ ಓಡಿಸಿ ನೋಡಿದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಓಡಿಸುವಾಗ ಒಂದು ಚುಕ್ಕಿ, ಅದರ ಮುಂದೆ 'ಶುರು' ಎಂದು ಹೊಡೆದಿದ್ದೆ. .bashrc ತಿದ್ದಿದಾಗಲೆಲ್ಲ ಹಾಗೆ ಚುಕ್ಕಿ ಹಾಕಿಯೇ ಅದನ್ನು ಮತ್ತೆ ಓದಿಸುತ್ತಿದ್ದ ರೂಢಿ.

ಶುಕ್ರವಾರ 'ಶುರು'ವನ್ನೂ ನನ್ನ .bashrcಯನ್ನೂ ಫ್ಲಾಪಿಗೆ ಹಾಕಿಕೊಂಡು ಹೊರಟೆ. ಮೂಡಲಗಿಯಲ್ಲಿ ತಮ್ಮ ತಂಗಿಯ ಮನೆ ಇದೆಯೆಂದು ಅತ್ತೆಯೂ ಬಂದರು. ಕಬ್ಬಿನ ಸುಗ್ಗಿ. ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಬಸ್ಸು ತೆವಳುತ್ತಿತ್ತು. ನಾನು ಕಿಟಕಿಯಿಂದ ಆಚೆ ನೋಡುವುದು, ವಾಚು ನೋಡುವುದು, ಚೀಲದಲ್ಲಿ ಫ್ಲಾಪಿ ಬಾಗಿತೇನೋ ಎಂದು ಮುಟ್ಟಿ ನೋಡುವುದು. ಮಧ್ಯಾಹ್ನ ಮೂರಕ್ಕೆ ಮೂಡಲಗಿಯಲ್ಲಿ ಕರೆಂಟು ಹೋಗುವ ಸರದಿ.

"ಯಾಕ ಹಂಗ ಚಡಪಡಸ್ತೀ? ಬಸ್ಸೇನ ನೀ ದೂಡಿದ್ರ ಮುಂದ ಹೊಕ್ಕೈತೇನು?" ಎಂದರು ಅತ್ತೆ.

ಕ್ಲಾಸಿನ ಕೋಣೆಗೆ ಹೊಸ ಸುಣ್ಣದ ವಾಸನೆ. ಮಾನಿಟರುಗಳಿಗೆ ಹುಡುಗಿ ತಾನೇ ಹೊಲಿದ ಬಿಳಿ ಮುಸುಕು ಹಾಕಿದ್ದಳು, ಅಂಚಿಗೆ ಹಸಿರು ದಾರದ ಕಸೂತಿ. ತನ್ನ ಲಾಗಿನ್ನಿನಲ್ಲಿ ಆಕೆ ಒಂದು ಪುಟವನ್ನೂ ತಯಾರಿಸಿಟ್ಟಿದ್ದಳು. ಕುಲಗೋಡ, ನಾಗನೂರ ಕಡೆಯ ಹೆಂಗಸರು ಯಾವ ಬಸ್ಸಿಗೆ ಬಂದು ಯಾವ ಬಸ್ಸಿಗೆ ತಿರುಗಿ ಹೋಗಬಹುದು ಎಂಬುದನ್ನು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಹೊಡೆದಿದ್ದಳು. ಹೆಂಗಸರು ಬರುವುದೇ ಇಲ್ಲ ಎಂದು ಸಾಹುಕಾರರು ಅನುಮಾನಪಟ್ಟರೆ ತೋರಿಸಲೆಂದು.

'ಶುರು'ವನ್ನೂ ನನ್ನ .bashrcಯನ್ನೂ ಆಕೆಯ ಲಾಗಿನ್ನಿನ ಕೋಶಕ್ಕೆ ಹಾಕಿದೆ. ಆಕೆ ಲಾಗಿನ್ನಿನಿಂದ ಹೊರಬಂದು ಮತ್ತೆ ಒಳಹೋದಳು. 'ಮನಿಗೆ' ಹೊಡೆದಳು, ನಡೆಯಿತು. ನನಗೆ ಅರ್ಧ ಉಸಿರು ಬಂತು. ತನ್ನ ಕೋಶಕ್ಕೆ ತಿರುಗಿ ಬಂದು, ನಮ್ಮವರು ಕಲಿಸಿದ್ದಂತೆ 'bash ಶುರು' ಎಂದು ಹೊಡೆದು ಎಂಟರ್ ಒತ್ತಿದಳು.

ಕಮಾಂಡ್ ನಾಟ್ ಫೌಂಡ್. ಒಂದನೆಯ ಸಾಲಿಗೂ ಅದೇ, ಎರಡನೆಯದಕ್ಕೂ ಅದೇ.

"ಏನಂತದು?" ಎಂದರು ಸಾಹುಕಾರರು.

"ಗೊತ್ತಿಲ್ಲ ಅಂತೈತ್ರಿ ಕಾಕಾ," ಎಂದಳು ಹುಡುಗಿ, ಸಣ್ಣ ದನಿಯಲ್ಲಿ.

"ಈಗರ ಗೊತ್ತಿತ್ತಲ್ಲ!"

ಅದೇ ನನಗೂ ತಿಳಿಯದ್ದು. ಆಕೆ ಬೆರಳಿನಿಂದ 'ಮನಿಗೆ' ಹೊಡೆದರೆ ಹೋಗುತ್ತದೆ. ಕಡತದಲ್ಲಿ ಅದೇ ಅಕ್ಷರ ಬರೆದರೆ ಗುರುತೇ ಇಲ್ಲದವರ ಹಾಗೆ ನೋಡುತ್ತದೆ. ಮೂರು ಸಲ ಓಡಿಸಿದೆವು. ಸಾಹುಕಾರರು ಕಿಟಕಿಯವರೆಗೆ ಹೋಗಿ ಬಂದರು, ಮತ್ತೆ ಹೋಗಿ ಬಂದರು. ನಾನು ಎದುರಿನ ಎಸ್‌ಟಿಡಿ ಬೂತಿಗೆ ಹೆಚ್ಚುಕಡಿಮೆ ಓಡಿದೆ.

ಹುಕ್ಕೇರಿಯ ಕಾಲೇಜಿನಲ್ಲಿ ನಮ್ಮವರನ್ನು ಸ್ಟಾಫ್‌ರೂಮಿನಿಂದ ಕರೆಸಲು ಹೊತ್ತಾಯಿತು.

"ಚುಕ್ಕಿ ಹಾಕಿ ಓಡಿಸಿದ್ದೇನು ಗೋಕಾಕದಾಗ?" ಎಂದು ಮೊದಲೇ ಕೇಳಿದರು.

"ಹೌದ್ರಿ. ಅದರಾಗೇನಾತು?"

"ಚುಕ್ಕಿ ಹಾಕಿದ್ರ ನೀ ಕುಂತ ಬ್ಯಾಶೇ ಆ ಸಾಲು ಓದತೈತಿ, ಅದಕ್ಕ ನಿನ್ನ ಹೆಸರೆಲ್ಲ ಗೊತ್ತು. 'bash ಶುರು' ಅಂದ್ರ ಬ್ಯಾರೆ ಹೊಸಾ ಬ್ಯಾಶ್ ಎದ್ದ ಬರತೈತಿ. ಮನಷ್ಯಾರ ಜೋಡಿ ಮಾತಾಡೂ ಬ್ಯಾಶ್ ಅಷ್ಟ .bashrc ಓದೂದು. ಸ್ಕ್ರಿಪ್ಟ್ ಓಡಸೂದು ಓದೂದಿಲ್ಲ. ಸ್ಕ್ರಿಪ್ಟಿನ ತಲಿಮ್ಯಾಲೆ source ಅಂತ ಹಾಕಿ ಆ ಫೈಲಿನ ಹೆಸರ ಬರಿ. ಬೆಲ್ ಆತು, ನಾ ಹೋಗತೇನಿ."

ಓಡಿ ಬಂದೆ. ಹುಡುಗಿ ಆ ಸಾಲನ್ನು ಮೇಲೆ ಸೇರಿಸಿದಳು. ಇನ್ನು ಓದಿಕೊಳ್ಳುತ್ತದೆ, ಇನ್ನು ಎಲ್ಲ ಸರಿ ಎಂದು ನಾನು ಸಾಹುಕಾರರಿಗೆ ಹೇಳುತ್ತಿರುವಾಗಲೇ ಆಕೆ ಎಂಟರ್ ಒತ್ತಿದಳು.

ಈ ಸಲ ಒಂದೇ ಸಾಲು ಬಂತು. 'ಮನಿಗೆ' ಮಾತ್ರ ಗೊತ್ತಿಲ್ಲವಂತೆ. 'ಹೊಸದು' ತಕರಾರಿಲ್ಲದೆ ನಡೆದಿತ್ತು.

"ಅರ್ಧಾ ಆತು ನೋಡ್ರಿ," ಎಂದೆ.

ಹುಡುಗಿ ಪರದೆಯ ಹತ್ತಿರ ಮುಖ ಒಯ್ದು, ಇರುವ ಕಡತಗಳ ಹೆಸರು ತೋರಿಸುವ ಕಮಾಂಡು ಹೊಡೆದಳು. ಇನ್ನೊಮ್ಮೆ ಹೊಡೆದಳು. ಕೊರಳ ಹಿಂದೆ ಬೆವರಿನ ಹನಿ ಇಳಿಯುತ್ತಿದ್ದುದು ನನಗೆ ಕಂಡಿತು.

"ಅಕ್ಕಾರ, ನನ್ನ ಪುಟ ಇಲ್ರಿ."

ಏನಾಗಿದೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. 'ಮನಿಗೆ' ನಡೆಯದ್ದರಿಂದ ಸ್ಕ್ರಿಪ್ಟ್ ಅಭ್ಯಾಸದ ಜಾಗಕ್ಕೆ ಹೋಗಲೇ ಇಲ್ಲ. ಹುಡುಗಿಯ ಸ್ವಂತ ಕೋಶದಲ್ಲೇ ನಿಂತಿತ್ತು. ಮೊದಲ ಸಾಲು ತಪ್ಪಿದರೂ ಬ್ಯಾಶ್ ನಿಲ್ಲದೆ ಎರಡನೆಯದಕ್ಕೆ ಬಂತು. 'ಹೊಸದು' ಆಜ್ಞೆ ಪಾಲಿಸಿತು. ನಿಂತ ಜಾಗದಲ್ಲಿದ್ದುದನ್ನೆಲ್ಲ ಅಳಿಸಿ, ಅಲ್ಲಿಗೇ ಒಂದನೆಯ ಪಾಠ ತಂದು ಸುರಿದಿತ್ತು. ಆಕೆಯ ಬಸ್ಸಿನ ಪುಟ ಹೋಯಿತು. 'ಶುರು' ಕೂಡ ತನ್ನನ್ನು ತಾನೇ ಅಳಿಸಿಕೊಂಡಿತ್ತು. ಚುಕ್ಕಿಯಿಂದ ಶುರುವಾಗುವ ಕಡತಗಳು ಮಾತ್ರ ಉಳಿದಿದ್ದವು.

"ಕೇಳಲಿಲ್ಲಲ್ಲ," ಎಂದೆ. "ತೆಗೀಲೇನು ಅಂತ ಒಂದ ಮಾತ ಕೇಳಲಿಲ್ಲ."

ಆಮೇಲೆ .bashrcಯನ್ನು ಮೇಲಿನಿಂದ ಕೆಳಗೆ ಓದಿದಾಗ ಕಂಡಿತು. rm ಎಂಬುದಕ್ಕೆ 'rm -i' ಎಂದು ಒಂದು ಅಡ್ಡಹೆಸರು, ನನ್ನ ಅಡ್ಡಹೆಸರುಗಳಿಗಿಂತ ಮೇಲೆ. ನಮ್ಮವರು ನನಗೆ ಹೇಳದೆ ಹಾಕಿಟ್ಟದ್ದು, ನಾನು ಏನಾದರೂ ಅಳಿಸಿಬಿಟ್ಟೇನೆಂದು. ಕೇಳಿ ಅಳಿಸು ಎಂಬುದು ಆ -i. rm ತಾನಾಗಿ ಯಾರನ್ನೂ ಕೇಳುವುದಿಲ್ಲ. ಸ್ಕ್ರಿಪ್ಟಿನೊಳಗೆ ಅಡ್ಡಹೆಸರೇ ನಡೆಯದ ಮೇಲೆ ಆ ವಿನಯವೂ ಇಲ್ಲ.

ಮತ್ತೆ ಬೂತಿಗೆ ಹೋದೆ. ಪ್ಯೂನನು ಕ್ಲಾಸಿನಿಂದ ಕರೆದು ತಂದದ್ದಕ್ಕೆ ನಮ್ಮವರಿಗೆ ಸಿಟ್ಟು, ವಿಷಯ ಕೇಳಿದ ಮೇಲೆ ಅದು ಇಳಿಯಿತು.

"ಫೈಲ್ ಓದಿತು, ಫಂಕ್ಷನ್ ನಡೀತು. ಅಲಿಯಾಸ್ ಅಂದ್ರ ಬೆರಳಿನ ಸಲುವಾಗಿ ಇರೂದು," ಎಂದರು. "ಸ್ಕ್ರಿಪ್ಟಿನಾಗ ಅವನ್ನ ಬ್ಯಾಶ್ ತಾನ ಬಿಚ್ಚಿ ನೋಡೂದಿಲ್ಲ. ನೋಡು ಅಂತ ಹೇಳಾಕೂ ಒಂದ ಸಾಲ ಐತಿ, ಆದ್ರ ಅದು ಬ್ಯಾಡ. ಎಲ್ಲಾ ಪೂರ್ತಿ ಬಿಡಿಸಿ ಬರಿ. ಆ ಜಾಗಕ್ಕ ಹೋಗಾಕ ಆಗಲಿಲ್ಲಂದ್ರ ಅಲ್ಲೇ ನಿಂದ್ರು ಅನ್ನೂದು ಬರಿ. ಎರಡ ನಿಂತ ಗೆರಿ, ಮುಂದ exit."

"ಪೂರ್ತಿ ಅಂದ್ರ?"

"ಪೂರ್ತಿ ಅಂದ್ರ ಪೂರ್ತಿ. ನನ್ನ ಹೆಸರ ಹಿಡದು," ಎಂದು ನಕ್ಕು ಫೋನಿಟ್ಟರು.

ಎರಡೂವರೆ ದಾಟಿತ್ತು. ಹುಡುಗಿ ಕೀಬೋರ್ಡಿನ ಮುಂದೆ ಕೂತಿದ್ದಳು, ಪರೀಕ್ಷೆ ಆಕೆಯದು, ನಾನು ಮುಟ್ಟುವ ಹಾಗಿರಲಿಲ್ಲ. "ಹೇಳ್ರಿ ಅಕ್ಕಾರ, ಏನ ಹೊಡೀಲಿ?"

ನಾನು ಅರ್ಧ ಹೇಳಿ ನಿಂತೆ. ನಮ್ಮವರ ಲಾಗಿನ್ನು ಪೂರ್ತಿ ಹೆಸರೂ ಅಲ್ಲ, ಅಪ್ಪನ ಹೆಸರಿನ ಅಕ್ಷರವನ್ನೂ ಜೋಡಿಸಿ ಅವರೇ ಕಟ್ಟಿಕೊಂಡದ್ದು. ಅಕ್ಷರ ಅಕ್ಷರವಾಗಿಯಾದರೂ ನಾನೇ ಹೇಳಬೇಕು.

ಸಾಹುಕಾರರಿಗೆ ತಟ್ಟನೆ ಅರ್ಥವಾಯಿತು. ಆವರೆಗಿನ ಗಂಟುಮೋರೆ ಸಡಿಲಾಗಿ, "ಒಡಪಾ ಹಾಕಿ ಹೇಳ್ರಿ ವೈನಿ!" ಎಂದರು.

"ನಗಬ್ಯಾಡ್ರಿ ಅಣ್ಣಾರ, ಕರೆಂಟ್ ಹೊಕ್ಕೈತಿ!"

ತಂಗಿಯ ಮನೆಗೆ ಆಮೇಲೆ ಹೋದರಾಯಿತೆಂದು ಇಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಎದ್ದರು. "ಏನ ದೊಡ್ಡ ಕಥಿ ನಿಮ್ಮದು! ನನ್ನ ಮಗನ ಹೆಸರ ನಾ ಹೇಳತೇನಿ ತಗೋ," ಎಂದು ತೊಟ್ಟಿಲಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರನ್ನು ಓಣಿಗೆಲ್ಲ ಕೇಳುವಂತೆ ಕೂಗಿದರು. ಹುಡುಗಿ ತುಟಿ ಕಚ್ಚಿ ಹಿಡಿದರೂ ಆಗದೆ ನಕ್ಕಳು. ಪುಟ ಹೋದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

ನಗು ಮುಗಿಯುವುದರೊಳಗೆ ಆಕೆಯೇ ದಾರಿ ಹುಡುಕಿದಳು. 'alias' ಎಂದು ಬರೀ ಅಷ್ಟೇ ಹೊಡೆದರೆ ಬ್ಯಾಶ್ ತನಗೆ ಗೊತ್ತಿರುವ ಅಡ್ಡಹೆಸರುಗಳನ್ನೂ ಅವುಗಳ ಪೂರ್ತಿ ಅರ್ಥವನ್ನೂ ತೋರಿಸುತ್ತದೆ. 'ಮನಿಗೆ'ಯ ಮುಂದೆ ಅವರ ಲಾಗಿನ್ನು ಒಂದಕ್ಷರವೂ ಬಿಡದೆ ಇತ್ತು. ನಾನು ತುಟಿ ಬಿಚ್ಚದೆ ಅದರ ಮೇಲೆ ಬೆರಳಿಟ್ಟೆ. ಆಕೆ ನೋಡಿಕೊಂಡು ಹೊಡೆದಳು.

ಸ್ಕ್ರಿಪ್ಟನ್ನು ಮೊದಲಿನಿಂದ ಬರೆದೆವು. ಆ ಜಾಗಕ್ಕೆ ಹೋಗು, ಆಗದಿದ್ದರೆ ನಿಲ್ಲು. ಕೇಳಿ ಅಳಿಸು, ಈ ಸಲ -i ಎಂದು ಬಾಯಿಬಿಟ್ಟು ಬರೆದು. ಆಮೇಲೆ ಪಾಠ ತಂದು ಹಾಕು. .bashrc ಓದುವ ಸಾಲನ್ನು ತೆಗೆದೆವು. ಮೊದಲು ಅಭ್ಯಾಸದ ಜಾಗದಲ್ಲಿ ಎರಡು ಖಾಲಿ ಕಡತ ಹುಟ್ಟಿಸಿಟ್ಟು ಓಡಿಸಿದೆವು. ತೆಗೆಯಲೇ ಎಂದು ಕೇಳಿತು, y ಎಂದಾಗ ಒಂದು ಹೋಯಿತು, n ಎಂದಾಗ ಇನ್ನೊಂದು ಉಳಿಯಿತು, ಪಾಠ ಬಂದು ಕೂತಿತು.

"ಆತೇನ್ರಿ ಕಾಕಾ?" ಎಂದಳು ಹುಡುಗಿ.

"ಮಶೀನ ಆತು," ಎಂದರು ಸಾಹುಕಾರರು. ಅವರು ವ್ಯಾಪಾರಸ್ಥರು, ಅಷ್ಟಕ್ಕೆ ಮುಗಿಸುವವರಲ್ಲ. "ಹೆಂಗಸೂರು ಬರತಾರೇನ ಈ ಊರಿಗೆ? ಹಳ್ಳಿಯಿಂದ ಮಧ್ಯಾಹ್ನ ಬಿಸಲಾಗ ಯಾರ ಬರತಾರ?"

ಉತ್ತರವಿದ್ದ ಪುಟ ಅಳಿಸಿ ಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಬೆರಳು ಒರೆಸಿಕೊಂಡು ಹೊಡೆಯಲು ಶುರು ಮಾಡಿದಳು. ಕುಲಗೋಡದ ಬಸ್ಸು, ನಾಗನೂರ ಕಡೆಯದು, ಸಂತೆಯ ದಿನ ತಡವಾಗುವುದು, ಸುಗ್ಗಿಯಲ್ಲಿ ಯಾವ ಬಸ್ಸು ನಂಬಬಾರದು. ಎಲ್ಲಿಯೂ ನಿಲ್ಲಲಿಲ್ಲ. ಸಾಹುಕಾರರು ಈ ಸಲ ಕಿಟಕಿಗೆ ಹೋಗಲಿಲ್ಲ. ಕುರ್ಚಿಯ ಹಿಂದೆ ಬಗ್ಗಿ ಓದುತ್ತಿದ್ದರು.

"ಈ ಸಂಜಿ ಬಸ್ ಖರೇನ ಐತಿ?"

"ಐತ್ರಿ ಕಾಕಾ. ಅದರಾಗ ನಾ ಮನಿಗೆ ಹೋಗೂದು. ಹಿಂದಿನ ಸೀಟಿನ್ಯಾಗ ಆರ ಮಂದಿ ಹುಡುಗ್ಯಾರು ಇರತಾರು. ಕೇಳೇನಿ ಅವರನ್ನ, ಬರತೇವಿ ಅಂದಾರ."

ಆಕೆ ಉಳಿಸುವ ಗುಂಡಿ ಒತ್ತಿ ಕೈ ಎತ್ತಿದ ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು. ಮಾನಿಟರುಗಳು ಕಪ್ಪಾದವು. ಕತ್ತಲಾದ ಪರದೆಯಲ್ಲಿ ನಾಲ್ಕು ಜನರ ಮುಖ ಒಟ್ಟಿಗೆ ಕಂಡವು. ಸಾಹುಕಾರರು ಜೇಬಿನಿಂದ ಕೋಣೆಯ ಕೀಲಿಕೈ ತೆಗೆದು ಕೀಬೋರ್ಡಿನ ಬಾಜೂ ಇಟ್ಟರು.

"ಸೋಮವಾರ ನೀನ ತಗೀ," ಎಂದರು.

ಸೋಮವಾರ ಮಧ್ಯಾಹ್ನ ನನಗೆ ಗೋಕಾಕದಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಬ್ಯಾಚಿನವರಿಗೆ ಒಂದೇ ಪಾಠವನ್ನು ಎರಡು ಸಲ ಹೇಳಿದೆನಂತೆ. ಮನೆಗೆ ಬಂದು ಜೋಳದ ಹಿಟ್ಟು ನಾದುತ್ತ ನೀರು ಹೆಚ್ಚು ಹಾಕಿದೆ. ಫೋನು ಬರಲಿಲ್ಲ. ಬಾರದಿದ್ದರೆ ಎಲ್ಲ ನಡೆಯುತ್ತಿದೆ ಎಂದರ್ಥ ಎಂದು ನಮ್ಮವರು ಹೇಳಿದರು. ಎಲ್ಲ ಅಳಿಸಿ ಹೋಗಿ, ಹುಡುಗಿ ಅಳುತ್ತ ಕೂತಿದ್ದರೂ ಫೋನು ಬರುವುದಿಲ್ಲವಲ್ಲ ಎಂದೆ ನಾನು. ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಗಂಟೆ ಬಾರಿಸಿತು. ಹಿಟ್ಟಿನ ಕೈಯಲ್ಲೇ ಎತ್ತಿದೆ.

"ಅಕ್ಕಾರ, ಬಸ್‌ಸ್ಟ್ಯಾಂಡಿನಿಂದ ಮಾತಾಡಾಕತ್ತೇನ್ರಿ, ಬಸ್ ಹೊಂಟೈತಿ," ಎಂದಳು ಒಂದೇ ಉಸಿರಿಗೆ. "ಒಂಬತ್ತ ಮಂದಿ ಬಂದಿದ್ರು. ಕುರ್ಚಿ ಸಾಲಲಿಲ್ಲ, ನಾ ನಿಂತ ಕಲಿಸೇನಿ."

ಹಿಂದೆ ಕಂಡಕ್ಟರನ ಸೀಟಿ, ಹುಡುಗಿಯರ ಗದ್ದಲ. ಫೋನು ಇಟ್ಟ ಸದ್ದು.